ರೆಸ್ಯೂಮೆ: ಅಪ್ಲಿಕೇಶನ್ ಸೆಕ್ಯುರಿಟಿ ಟೆಸ್ಟಿಂಗ್ (ಫ್ರೆಶರ್)

ನನ್ನ ಬಗ್ಗೆ

ಕಂಪ್ಯೂಟರ್ ಸೈನ್ಸ್ ಪದವಿ, 2025. ವೆಬ್ ಅಪ್ಲಿಕೇಶನ್ ಮತ್ತು ಎಪಿಐಗಳ ಸೆಕ್ಯುರಿಟಿ ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದೇನೆ. ಕ್ಯಾಪ್ಚರ್ ದ ಫ್ಲ್ಯಾಗ್ ಸ್ಪರ್ಧೆಗಳಲ್ಲಿ ದೋಷ ಹುಡುಕುವುದನ್ನು ಕಲಿತೆ. ಸಿಕ್ಕ ದೋಷವನ್ನು ಡೆವಲಪರ್‌ಗೆ ಅರ್ಥವಾಗುವ ಹಾಗೆ ಬರೆದು, ಸರಿಯಾಗುವವರೆಗೂ ಅದರ ಹಿಂದೆ ಇರುವುದನ್ನು ಇಂಟರ್ನ್‌ಶಿಪ್‌ನಲ್ಲಿ ಕಲಿತೆ. ಎರಡನೆಯದೇ ನನಗೆ ಜಾಸ್ತಿ ಇಷ್ಟ. ಹಾಗಾಗಿ ಅದನ್ನೇ ಮೊದಲು ಬರೆದಿದ್ದೇನೆ.

ಇಂಟರ್ನ್‌ಶಿಪ್ ಪ್ರಾಜೆಕ್ಟ್: ಗ್ರಾಹಕರ ಬಿಲ್ಲಿಂಗ್ ಪೋರ್ಟಲ್‌ನ ಸೆಕ್ಯುರಿಟಿ ಪರಿಶೀಲನೆ
ಸೆಕ್ಯುರಿಟಿ ಇಂಟರ್ನ್, ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿ, ಜನವರಿ – ಜೂನ್ 2025

- ಗ್ರಾಹಕರು ಇನ್‌ವಾಯ್ಸ್ ನೋಡುವ, ಹಣ ಕಟ್ಟುವ, ದೂರು ಸಲ್ಲಿಸುವ ಪೋರ್ಟಲ್ ಅನ್ನು ಲಿಖಿತ ಅನುಮತಿ ಪಡೆದು ಸ್ಟೇಜಿಂಗ್ ಸರ್ವರ್‌ನಲ್ಲಿ ಪರೀಕ್ಷಿಸಿದೆ. ಯಾವ ಪುಟ, ಯಾವ ಎಪಿಐ, ಯಾವ ಖಾತೆ ಎಂಬುದನ್ನು ಮೊದಲ ವಾರವೇ ಡೆವಲಪರ್‌ಗಳ ಜೊತೆ ಕೂತು ಪಟ್ಟಿ ಮಾಡಿಕೊಂಡೆ. ಪಟ್ಟಿಯಲ್ಲಿ ಇಲ್ಲದ್ದನ್ನು ಮುಟ್ಟಲಿಲ್ಲ.

- ಎರಡು ಪರೀಕ್ಷಾ ಖಾತೆಗಳನ್ನಿಟ್ಟುಕೊಂಡು, ಒಂದರ ಲಾಗಿನ್‌ನಿಂದ ಇನ್ನೊಂದರ ಇನ್‌ವಾಯ್ಸ್ ತೆರೆಯಲು ಪ್ರಯತ್ನಿಸಿದೆ. `GET /api/invoices/4817/pdf` ಎಂಬಲ್ಲಿ ಸಂಖ್ಯೆ ಬದಲಿಸಿದರೆ ಸಾಕು, ಬೇರೆಯವರ ಪಿಡಿಎಫ್ ಬರುತ್ತಿತ್ತು. ಲಾಗಿನ್ ಆಗಿದೆಯಾ ಎಂದು ಸರ್ವರ್ ನೋಡುತ್ತಿತ್ತು. ಈ ಇನ್‌ವಾಯ್ಸ್ ಇವರದೇನಾ ಎಂದು ನೋಡುತ್ತಿರಲಿಲ್ಲ. ಓವಾಸ್ಪ್ 2021ರ ಟಾಪ್ 10 ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವ ಆಕ್ಸೆಸ್ ಕಂಟ್ರೋಲ್ ದೋಷ ಇದೇ ಜಾತಿಯದು.

- ಈ ದೋಷಕ್ಕೆ ಸಿವಿಎಸ್ಎಸ್ 3.1 ಪ್ರಕಾರ 6.5 ಅಂಕ ಬಂತು (`AV:N/AC:L/PR:L/UI:N/S:U/C:H/I:N/A:N`). ಅಂಕದ ಲೆಕ್ಕದಲ್ಲಿ ಇದು 'ಮಧ್ಯಮ' ಮಾತ್ರ. ಆದರೆ ಸಂಖ್ಯೆಗಳು ಸಾಲಾಗಿ ಇದ್ದವು. ಒಂದು ಸಣ್ಣ ಲೂಪ್ ಬರೆದರೆ ಎಲ್ಲ ಗ್ರಾಹಕರ ಹೆಸರು, ವಿಳಾಸ, ಮೊತ್ತ ಕೈಗೆ ಸಿಗುವಂತಿತ್ತು. ಇದನ್ನೇ ಮೊದಲು ಸರಿಪಡಿಸಬೇಕು ಎಂದು ಕಾರಣ ಸಹಿತ ವಾದಿಸಿದೆ. ತಂಡ ಒಪ್ಪಿ, ಆ ವಾರದ ಬಿಡುಗಡೆಯಲ್ಲೇ ತಿದ್ದಿತು.

- ಐಡಿಯನ್ನು ಊಹಿಸಲಾಗದ ಉದ್ದನೆಯ ಯುಯುಐಡಿ ಮಾಡಿದರೆ ಸಾಕಲ್ವಾ ಎಂಬ ಸಲಹೆ ಬಂದಿತ್ತು. ಲಿಂಕ್ ಒಮ್ಮೆ ಇಮೇಲ್‌ನಲ್ಲೋ ಲಾಗ್‌ನಲ್ಲೋ ಹೊರಬಿದ್ದರೆ ಅದೂ ಕಾಯುವುದಿಲ್ಲ ಎಂದು ತೋರಿಸಿದೆ. ಬದಲಿಗೆ ಕ್ವೆರಿಯಲ್ಲೇ ಮಾಲೀಕತ್ವ ನೋಡುವ ತಿದ್ದುಪಡಿಯನ್ನು ಡೆವಲಪರ್ ಜೊತೆ ಸೇರಿ ಬರೆದೆ:

```sql
SELECT pdf_path FROM invoices
WHERE id = ? AND customer_id = ?;
```

- ಬೇರೆಯವರ ಇನ್‌ವಾಯ್ಸ್ ಕೇಳಿದಾಗ 403 ಬದಲು 404 ಕೊಡುವಂತೆ ಮಾಡಿಸಿದೆ. ಆ ಸಂಖ್ಯೆಯ ಇನ್‌ವಾಯ್ಸ್ ಇದೆಯೋ ಇಲ್ಲವೋ ಎಂಬುದೂ ಹೊರಗಿನವರಿಗೆ ತಿಳಿಯಬಾರದು.

- ಅದೇ ದೋಷ ಮತ್ತೆ ನುಸುಳದಂತೆ ಪೈಥಾನ್‌ನಲ್ಲಿ `pytest` ಪರೀಕ್ಷೆಗಳನ್ನು ಬರೆದೆ. ಖಾತೆ 'ಅ' ಮಾಡಿದ ಪ್ರತಿ ಕೋರಿಕೆಯನ್ನು ಖಾತೆ 'ಬ'ದ ಟೋಕನ್ ಹಾಕಿ ಮತ್ತೆ ಕಳಿಸುತ್ತವೆ. ಒಂದಾದರೂ 200 ಬಂದರೆ ಬಿಲ್ಡ್ ನಿಲ್ಲುತ್ತದೆ. ಇವನ್ನು ಸಿಐ ಪೈಪ್‌ಲೈನ್‌ಗೆ ಸೇರಿಸಿ, ಹೊಸ ಎಪಿಐ ಬಂದಾಗ ಸಾಲು ಹೇಗೆ ಸೇರಿಸಬೇಕು ಎಂದು ಒಂದು ಪುಟದಲ್ಲಿ ಬರೆದಿಟ್ಟೆ. ಇಂಟರ್ನ್‌ಶಿಪ್‌ನಲ್ಲಿ ಮಾಡಿದ ಕೆಲಸಗಳಲ್ಲಿ ಹೆಚ್ಚು ಕಾಲ ಉಪಯೋಗಕ್ಕೆ ಬರುವುದು ಇದೇ ಎಂದು ನಂಬಿದ್ದೇನೆ.

- ದೂರಿನ ಜೊತೆ ಸೇರಿಸುವ ಫೈಲ್‌ನ ಹೆಸರಿನಲ್ಲಿ ಎಚ್‌ಟಿಎಂಎಲ್ ತುಂಬಿ ಕಳಿಸಿದೆ. ಸಹಾಯ ವಿಭಾಗದ ಸಿಬ್ಬಂದಿ ಪುಟ ತೆರೆದಾಗ ಅದರೊಳಗಿನ ಸ್ಕ್ರಿಪ್ಟ್ ಓಡಿತು. ಗ್ರಾಹಕರ ಪುಟದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆಡಳಿತದ ಪುಟವನ್ನೂ ನೋಡಿದ್ದಕ್ಕೆ ಸಿಕ್ಕಿತು. ತೋರಿಸುವ ಜಾಗದಲ್ಲಿ ಎನ್‌ಕೋಡ್ ಮಾಡಿಸಿ, ಸೆಷನ್ ಕುಕೀಗೆ `HttpOnly`, `Secure`, `SameSite=Lax` ಹಾಕಿಸಿದೆ.

- ಆರು ಅಂಕಿಯ ಒಟಿಪಿಗೆ ಪ್ರಯತ್ನದ ಮಿತಿ ಐಪಿ ವಿಳಾಸದ ಮೇಲೆ ಮಾತ್ರ ಇತ್ತು. ಒಟಿಪಿಗೆ ಇರುವ ಸಾಧ್ಯತೆ ಒಟ್ಟು 10 ಲಕ್ಷ. ವಿಳಾಸ ಬದಲಿಸುತ್ತಾ ಹೋದರೆ ಮಿತಿಗೆ ಅರ್ಥವೇ ಇಲ್ಲ. ಖಾತೆಯ ಮೇಲೂ ಮಿತಿ ಇರಲಿ, ಕೆಲವು ತಪ್ಪು ಪ್ರಯತ್ನಗಳಾದ ಮೇಲೆ ಆ ಒಟಿಪಿಯೇ ರದ್ದಾಗಲಿ ಎಂದು ಸೂಚಿಸಿದೆ. ಎರಡೂ ಜಾರಿಗೆ ಬಂದವು.

- `gitleaks` ಬಳಸಿ ರೆಪೊಸಿಟರಿಯ ಪೂರ್ತಿ ಇತಿಹಾಸ ಸ್ಕ್ಯಾನ್ ಮಾಡಿದೆ. ಹಳೆಯ ಕಮಿಟ್‌ನಲ್ಲಿ ಇಮೇಲ್ ಸೇವೆಯ ಕೀ ಸಿಕ್ಕಿತು. ಕಮಿಟ್ ಅಳಿಸಿದರೆ ಸಾಲದು, ಕ್ಲೋನ್ ಮಾಡಿಕೊಂಡವರ ಬಳಿ ಅದು ಉಳಿದೇ ಇರುತ್ತದೆ. ಕೀಯನ್ನೇ ಬದಲಿಸಿ, ಹಳೆಯದು ಸತ್ತಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಟಿಕೆಟ್ ಮುಚ್ಚಿದೆ.

- ಪ್ರತಿ ದೋಷಕ್ಕೂ ರಿಪೋರ್ಟ್ ಬರೆದೆ. ಮೊದಲ ಎರಡು ಸಾಲಿನಲ್ಲಿ ಏನಾಗಬಹುದು, ಆಮೇಲೆ ಅದನ್ನು ಮತ್ತೆ ಮಾಡಿ ನೋಡುವ ಹೆಜ್ಜೆಗಳು, ಕೊನೆಗೆ ತಿದ್ದುಪಡಿ. ತಿದ್ದಿದ ಮೇಲೆ ಎಲ್ಲವನ್ನೂ ನಾನೇ ಮರುಪರೀಕ್ಷೆ ಮಾಡಿದೆ.

ಕ್ಯಾಪ್ಚರ್ ದ ಫ್ಲ್ಯಾಗ್ ಸ್ಪರ್ಧೆಗಳು, 2022 – 2025

- ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ನಡೆಸುವ ಪಿಕೊಸಿಟಿಎಫ್‌ನಿಂದ ಶುರು ಮಾಡಿದೆ. ಆಮೇಲೆ ಸಿಟಿಎಫ್‌ಟೈಮ್ ಕ್ಯಾಲೆಂಡರ್‌ನಲ್ಲಿ ಬರುವ ವಾರಾಂತ್ಯದ ಸ್ಪರ್ಧೆಗಳಲ್ಲಿ ನಾಲ್ಕು ಜನರ ಕಾಲೇಜು ತಂಡದ ಜೊತೆ ಆಡುತ್ತಾ ಬಂದೆ. ತಂಡದಲ್ಲಿ ವೆಬ್ ಮತ್ತು ಕ್ರಿಪ್ಟೋ ನನ್ನ ಪಾಲು. ಅಂತರ ಕಾಲೇಜು ಸ್ಪರ್ಧೆಯೊಂದರಲ್ಲಿ ಮೊದಲ ಹತ್ತು ತಂಡಗಳ ಒಳಗೆ ಬಂದೆವು.

- ವೆಬ್: ಜೆಡಬ್ಲ್ಯೂಟಿ ಟೋಕನ್‌ನ ಹೆಡರ್‌ನಲ್ಲಿ `RS256` ಅನ್ನು `HS256` ಎಂದು ಬದಲಿಸಿ, ಎಲ್ಲರಿಗೂ ಸಿಗುವ ಪಬ್ಲಿಕ್ ಕೀಯನ್ನೇ ಎಚ್‌ಮ್ಯಾಕ್‌ನ ಸೀಕ್ರೆಟ್ ಕೀ ಆಗಿ ಬಳಸಿ ಅಡ್ಮಿನ್ ಟೋಕನ್ ಸಹಿ ಮಾಡಿದೆ. ಟೋಕನ್ ಹೇಳಿದ ಅಲ್ಗಾರಿದಮ್ ಅನ್ನು ಸರ್ವರ್ ನಂಬಿದ್ದೇ ದೋಷ. ಇಂಟರ್ನ್‌ಶಿಪ್‌ನ ಪೋರ್ಟಲ್‌ನಲ್ಲೂ ಇದನ್ನೇ ಪರೀಕ್ಷಿಸಿದೆ. ಅಲ್ಲಿ `algorithms=["RS256"]` ಎಂದು ಕಟ್ಟಿಹಾಕಿದ್ದರು. ಸರಿಯಾಗಿದೆ ಎಂದು ರಿಪೋರ್ಟ್‌ನಲ್ಲಿ ಬರೆದೆ. ಸರಿಯಾಗಿರುವುದನ್ನೂ ದಾಖಲಿಸಬೇಕು, ಇಲ್ಲದಿದ್ದರೆ ಮುಂದೆ ಬರುವವರಿಗೆ ಅದನ್ನು ಯಾರಾದರೂ ನೋಡಿದ್ದರೋ ಇಲ್ಲವೋ ತಿಳಿಯುವುದಿಲ್ಲ.

- ಕ್ರಿಪ್ಟೋ: ಪ್ಯಾಡಿಂಗ್ ಇಲ್ಲದ, `e = 3` ಇರುವ ಆರ್‌ಎಸ್‌ಎ. ಸಂದೇಶ ಚಿಕ್ಕದಾಗಿದ್ದರೆ `m^3` ಎಂಬುದು `n` ಗಿಂತ ಕಡಿಮೆ ಇರುತ್ತದೆ, ಮಾಡ್ಯುಲೋಗೆ ಕೆಲಸವೇ ಇರುವುದಿಲ್ಲ. ಘನಮೂಲ ತೆಗೆದರೆ ಸಂದೇಶ ಸಿಗುತ್ತದೆ. `n` ಅನ್ನು ಒಡೆಯಬೇಕಾಗಿಲ್ಲ:

```python
from gmpy2 import iroot
m, exact = iroot(c, 3)
```

- ನೆಟ್‌ವರ್ಕ್ ಫೊರೆನ್ಸಿಕ್ಸ್: ಡಿಎನ್‌ಎಸ್ ಪ್ರಶ್ನೆಗಳ ಸಬ್‌ಡೊಮೇನ್‌ನಲ್ಲಿ ಬಚ್ಚಿಟ್ಟು ಸಾಗಿಸಿದ್ದ ಫೈಲ್ ಅನ್ನು ಪ್ಯಾಕೆಟ್ ಕ್ಯಾಪ್ಚರ್‌ನಿಂದ ಮತ್ತೆ ಜೋಡಿಸಿದೆ. ಹೆಸರಿನ ಒಂದು ಭಾಗಕ್ಕೆ 63 ಬೈಟ್ ಮಿತಿ. ದೊಡ್ಡಕ್ಷರ ಸಣ್ಣಕ್ಷರದ ಭೇದವೂ ಅಲ್ಲಿ ಇಲ್ಲ. ಹಾಗಾಗಿ ಅದು ಬೇಸ್64 ಅಲ್ಲ, ಬೇಸ್32 ಇರಬೇಕು ಎಂದು ಹಿಡಿದೆ. ಉತ್ತರ ಬರದೆ ಎರಡನೇ ಸಲ ಹೋದ ಪ್ರಶ್ನೆಗಳನ್ನು ತೆಗೆದುಹಾಕಿದ ಮೇಲೆ ಫೈಲ್ ತೆರೆದುಕೊಂಡಿತು.

```bash
tshark -r cap.pcap -Y "dns.flags.response == 0" -T fields -e dns.qry.name
```

- ಬೈನರಿ: ಇದರಲ್ಲಿ ನಾನು ಇನ್ನೂ ಆರಂಭಿಕ ಹಂತದಲ್ಲಿದ್ದೇನೆ. ಫಾರ್ಮ್ಯಾಟ್ ಸ್ಟ್ರಿಂಗ್ ದೋಷದಲ್ಲಿ `%p` ಬಳಸಿ ಕ್ಯಾನರಿ ಮತ್ತು ಲಿಬ್‌ಸಿ ವಿಳಾಸ ಓದಿ, ರಿಟರ್ನ್ ಟು ಲಿಬ್‌ಸಿ ದಾಳಿಯನ್ನು `pwntools` ನಲ್ಲಿ ಬರೆಯಬಲ್ಲೆ. ಹೀಪ್ ದೋಷಗಳನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆ, ಸ್ವತಂತ್ರವಾಗಿ ಬಿಡಿಸಿಲ್ಲ.

- ದಾಳಿ ಮತ್ತು ರಕ್ಷಣೆ ಮಾದರಿಯ ಸ್ಪರ್ಧೆ: ತಂಡದ ಸರ್ವರ್ ಕಾಯುವ ಜವಾಬ್ದಾರಿ ನನ್ನದಾಗಿತ್ತು. ಸೇವೆಯನ್ನು ನಿಲ್ಲಿಸಿದರೂ ಅಂಕ ಹೋಗುತ್ತದೆ, ದೋಷ ಬಿಟ್ಟರೂ ಹೋಗುತ್ತದೆ. ಹಾಗಾಗಿ ಪ್ರತಿ ಸೇವೆಯಲ್ಲೂ ಬೇಕಾದ ಕೆಲವೇ ಸಾಲು ತಿದ್ದಿ, ಚೆಕರ್ ಪಾಸಾಗುತ್ತದೆಯೇ ಎಂದು ನೋಡಿ, ಆಮೇಲೆ ಬಿಡುಗಡೆ ಮಾಡುತ್ತಿದ್ದೆ. ನಿಜವಾದ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರ ಬಂದ ಸ್ಪರ್ಧೆ ಇದು.

ಸ್ಪರ್ಧೆ ನಡೆಸಿದ್ದು, ಬರೆದದ್ದು

- ಕಾಲೇಜಿನ ಸೆಕ್ಯುರಿಟಿ ಕ್ಲಬ್‌ನಲ್ಲಿ ಹೊಸಬರಿಗಾಗಿ ಒಂದು ದಿನದ ಸ್ಪರ್ಧೆ ನಡೆಸಿದ ತಂಡದಲ್ಲಿದ್ದೆ. ವೆಬ್ ಸವಾಲುಗಳನ್ನು ರಚಿಸಿದೆ. ಪ್ರತಿಯೊಂದನ್ನೂ ಬೇರೆ ಬೇರೆ ಡಾಕರ್ ಕಂಟೇನರ್‌ನಲ್ಲಿ, ರೂಟ್ ಅಲ್ಲದ ಬಳಕೆದಾರನಾಗಿ, ಫೈಲ್ ಸಿಸ್ಟಮ್ ಓದಲು ಮಾತ್ರ ಬರುವಂತೆ ಇಟ್ಟೆ. ಒಬ್ಬರು ಬಿಡಿಸಿದ ಮೇಲೆ ಇನ್ನೊಬ್ಬರಿಗೆ ಸವಾಲು ಕೆಡಬಾರದಲ್ವಾ. ಎಲ್ಲಾದರೂ ಸಿಕ್ಕಿಹಾಕಿಕೊಂಡವರಿಗೆ ಉತ್ತರ ಹೇಳದೆ, ಮುಂದಿನ ಹೆಜ್ಜೆಯನ್ನಷ್ಟೇ ತೋರಿಸುವ ಸುಳಿವುಗಳನ್ನು ಮೊದಲೇ ಬರೆದಿಟ್ಟಿದ್ದೆ.

- ಬಿಡಿಸಿದ ಸವಾಲುಗಳ ವಿವರಣೆಯನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಯುತ್ತೇನೆ. ಸ್ಪರ್ಧೆ ಮುಗಿಯುವವರೆಗೆ ಏನನ್ನೂ ಹೊರಗೆ ಹಾಕುವುದಿಲ್ಲ. ಪ್ರತಿ ಬರಹದಲ್ಲೂ ಕೊನೆಗೆ 'ಇದನ್ನು ತಡೆಯುವುದು ಹೇಗೆ' ಎಂಬ ಭಾಗ ಇರುತ್ತದೆ.

ಉಪಕರಣಗಳು

- ದಿನವೂ ಬಳಸುವವು: ಬರ್ಪ್ ಸೂಟ್, `nmap`, `ffuf`, ವೈರ್‌ಶಾರ್ಕ್, ಪೈಥಾನ್, ಲಿನಕ್ಸ್ ಶೆಲ್, ಗಿಟ್, ಡಾಕರ್.
- ಕೆಲಸ ಮಾಡಲು ಸಾಕಾಗುವಷ್ಟು ಗೊತ್ತಿರುವವು: ಘಿದ್ರಾ, `gdb`, ಎಸ್‌ಕ್ಯುಎಲ್, ಜಾವಾಸ್ಕ್ರಿಪ್ಟ್.

ಸಂದರ್ಶನಕ್ಕೆ

- ಇಂಟರ್ನ್‌ಶಿಪ್ ಒಪ್ಪಂದದ ಪ್ರಕಾರ ಪೋರ್ಟಲ್‌ನ ವಿಳಾಸ, ಕೋಡ್, ಗ್ರಾಹಕರ ವಿವರ ಇಲ್ಲಿ ಇಲ್ಲ. ಮೇಲೆ ಇರುವ ಇನ್‌ವಾಯ್ಸ್ ಸಂಖ್ಯೆ, ಟೇಬಲ್ ಹೆಸರು ಎಲ್ಲ ಬದಲಿಸಿದವು. ದೋಷದ ಬಗೆ ಮತ್ತು ತಿದ್ದುಪಡಿಯ ಬಗ್ಗೆ ಮಾತಾಡಲು ಮೇಲ್ವಿಚಾರಕರ ಒಪ್ಪಿಗೆ ಇದೆ.
- ಅದೇ ಇನ್‌ವಾಯ್ಸ್ ದೋಷವಿರುವ ಚಿಕ್ಕ ಅಪ್ಲಿಕೇಶನ್ ಒಂದನ್ನು ಪೂರ್ತಿ ಹೊಸದಾಗಿ ಬರೆದಿದ್ದೇನೆ. ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ದೋಷ ಹುಡುಕುವುದರಿಂದ ಹಿಡಿದು ಪರೀಕ್ಷೆ ಪಾಸಾಗುವವರೆಗೆ ನಿಮ್ಮ ಮುಂದೆಯೇ ಮಾಡಿ ತೋರಿಸಬಲ್ಲೆ.