ಅಪ್ಪನ ತೆರಿಗೆ: ಆಡಿಟರ್ ಜೊತೆಗಿನ ಫೋನ್ ಮಾತಿನ ಸಾರ

ಮಾತಾಡಿದ್ದು: 2025ರ ಆಗಸ್ಟ್ 23, ಶನಿವಾರ ಬೆಳಿಗ್ಗೆ. 41 ನಿಮಿಷ. ಆಡಿಟರ್ ಅವರನ್ನು ಕೇಳಿಯೇ ರೆಕಾರ್ಡ್ ಮಾಡಿದ್ದೇನೆ. ಎರಡು ಸಲ ಕೇಳಿ ಬರೆದದ್ದು ಇದು. ಅಪ್ಪ, ನೀವು ಪೂರ್ತಿ ಓದಿ. ತಮ್ಮಾ, ನೀನು ಕನಿಷ್ಠ ಚಲನ್ ಭಾಗವನ್ನಾದರೂ ಓದು, ದುಡ್ಡು ಕಟ್ಟುವವನು ನೀನೇ.

ಮೊದಲು ಬೇಕಾದ ಉತ್ತರ

ಇನ್ನು ಕಟ್ಟಬೇಕಾದದ್ದು 29,810 ರೂಪಾಯಿ. ಕೊನೆಯ ದಿನ ಸೆಪ್ಟೆಂಬರ್ 15, ಸೋಮವಾರ. ಜುಲೈ 31 ಕಳೆದುಹೋಯಿತೆಂದು ಅಪ್ಪ ಗಾಬರಿಯಾಗಿದ್ದರು, ಆದರೆ ಈ ವರ್ಷ ಇಲಾಖೆಯೇ ಗಡುವನ್ನು ಮುಂದಕ್ಕೆ ಹಾಕಿದೆ. ಇದು 2024-25ರ ಆದಾಯದ ಲೆಕ್ಕ, ಅಂದರೆ ಕರನಿರ್ಧಾರಣಾ ವರ್ಷ 2025-26.

ಲೆಕ್ಕ ಬಂದ ಬಗೆ

ಪಿಂಚಣಿ 5,40,000. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದರೆ 4,65,000.

ಮಹಡಿ ಮನೆಯ ಬಾಡಿಗೆ ತಿಂಗಳಿಗೆ 22,000, ವರ್ಷಕ್ಕೆ 2,64,000. ಬಿಬಿಎಂಪಿಗೆ ಕಟ್ಟಿದ ಆಸ್ತಿ ತೆರಿಗೆ 8,000 ಕಳೆದು, ಉಳಿದದ್ದರಲ್ಲಿ ಶೇಕಡಾ 30 ಬಿಟ್ಟರೆ 1,79,200. ಇಲ್ಲಿ ಅಪ್ಪ ಐದು ನಿಮಿಷ ವಾದಿಸಿದ್ದಾರೆ: ಬಣ್ಣ ಹೊಡೆಸಿದ 60,000 ಎಲ್ಲಿ ಹೋಯಿತು, ಬಾಡಿಗೆಯವರು ಕೊಟ್ಟ ಅಡ್ವಾನ್ಸ್ ಎರಡು ಲಕ್ಷಕ್ಕೂ ತೆರಿಗೆಯೇ ಎಂದು. ಬಣ್ಣ, ಪ್ಲಂಬರ್, ಮೋಟಾರ್ ರಿಪೇರಿ ಎಲ್ಲವೂ ಆ ಶೇಕಡಾ 30ರ ಒಳಗೇ ಬಂದುಬಿಟ್ಟಿವೆ, ಬೇರೆ ಬಿಲ್ ಕೊಡುವ ಹಾಗಿಲ್ಲ. ಅಡ್ವಾನ್ಸ್ ವಾಪಸ್ ಕೊಡಬೇಕಾದ ಹಣ, ಆದ್ದರಿಂದ ಆದಾಯವಲ್ಲ.

ಠೇವಣಿ ಬಡ್ಡಿ: ಪಿಂಚಣಿ ಬರುವ ಬ್ಯಾಂಕಿನಲ್ಲಿ 2,62,000, ಎರಡನೆಯ ಬ್ಯಾಂಕಿನಲ್ಲಿ 48,000. ಉಳಿತಾಯ ಖಾತೆಯ ಬಡ್ಡಿ 9,400. ಆ 48,000ದ ಠೇವಣಿ ಅಮ್ಮನೊಂದಿಗೆ ಜಂಟಿಯಾಗಿದೆ, ಅರ್ಧ ಅವಳ ಲೆಕ್ಕಕ್ಕೆ ಬರೆಯೋಣ ಎಂಬುದು ಅಪ್ಪನ ಉಪಾಯ. "ಠೇವಣಿಗೆ ಹಾಕಿದ ದುಡ್ಡು ಯಾರದು ಸಾರ್?" ಎಂದು ಆಡಿಟರ್ ಕೇಳಿದರು. "ನನ್ನ ಗ್ರಾಚುಟಿಯದು" ಎಂದರು ಅಪ್ಪ. ಅಲ್ಲಿಗೆ ಮುಗಿಯಿತು. ಹಾಕಿದ ಹಣ ಅಪ್ಪನದಾದ್ದರಿಂದ ಬಡ್ಡಿಯೂ ಅವರದೇ. ಹೆಂಡತಿಗೆ ಉಡುಗೊರೆಯಾಗಿ ಕೊಟ್ಟು ಅವಳ ಹೆಸರಿನಲ್ಲಿ ಇಟ್ಟಿದ್ದರೂ ಅದು ಗಂಡನ ಆದಾಯಕ್ಕೇ ಸೇರುತ್ತಿತ್ತು.

ಇಷ್ಟೂ ಕೂಡಿದರೆ 9,63,600. ಹೊಸ ಪದ್ಧತಿಯಲ್ಲಿ ಮೊದಲ ಮೂರು ಲಕ್ಷಕ್ಕೆ ಏನೂ ಇಲ್ಲ, ಮೂರರಿಂದ ಏಳು ಲಕ್ಷದವರೆಗೆ ಶೇಕಡಾ 5, ಆಮೇಲೆ ಹತ್ತರವರೆಗೆ ಶೇಕಡಾ 10. ಒಟ್ಟು 46,360.

ಇದರ ಮೇಲೆ ಮ್ಯೂಚುವಲ್ ಫಂಡ್. 2019ರಲ್ಲಿ ಕೊಂಡ ಈಕ್ವಿಟಿ ಫಂಡನ್ನು ಕಳೆದ ಡಿಸೆಂಬರ್‌ನಲ್ಲಿ ಮಾರಿದ್ದರಿಂದ ಬಂದ ಲಾಭ 1,85,000. ರೆಕಾರ್ಡಿಂಗ್ ಕೇಳುವವರು ಇಲ್ಲಿ ಎಚ್ಚರವಾಗಿರಿ: 14ನೇ ನಿಮಿಷದಲ್ಲಿ ಆಡಿಟರ್ "ಶೇಕಡಾ 10" ಎಂದಿದ್ದಾರೆ, 19ನೇ ನಿಮಿಷದಲ್ಲಿ ತಾವೇ ತಿದ್ದಿಕೊಂಡಿದ್ದಾರೆ. 2024ರ ಜುಲೈ 23ರಿಂದ ಮಾರಿದ್ದಕ್ಕೆ ಶೇಕಡಾ 12.5. ಮೊದಲ 1,25,000ಕ್ಕೆ ತೆರಿಗೆಯಿಲ್ಲ, ಉಳಿದ 60,000ಕ್ಕೆ 7,500.

```
ಸ್ಲ್ಯಾಬ್ ತೆರಿಗೆ         46,360
ಫಂಡ್ ಲಾಭದ ತೆರಿಗೆ      7,500
ಸೆಸ್ (4%)              2,154
ಒಟ್ಟು                 56,014
ಬ್ಯಾಂಕ್ ಹಿಡಿದ ಟಿಡಿಎಸ್   26,200
ಬಾಕಿ                  29,814
```

ಬಾಕಿಯನ್ನು ಹತ್ತರ ಲೆಕ್ಕಕ್ಕೆ ತಂದಾಗ 29,810. ಎರಡನೆಯ ಬ್ಯಾಂಕಿನ ಬಡ್ಡಿ 50,000 ದಾಟದ್ದರಿಂದ ಅಲ್ಲಿ ಟಿಡಿಎಸ್ ಹಿಡಿದಿಲ್ಲ. ಹಿಡಿದಿಲ್ಲವೆಂದರೆ ತೆರಿಗೆಯೇ ಇಲ್ಲ ಎಂದು ಅಪ್ಪ ಅಂದುಕೊಂಡಿದ್ದರು.

ಆರೋಗ್ಯ ವಿಮೆಯ 38,000, ತೆರಿಗೆ ಉಳಿಸುವ ಠೇವಣಿಯ 60,000, ಹಿರಿಯ ನಾಗರಿಕರಿಗೆ ಬಡ್ಡಿಯ ಮೇಲಿನ 50,000 ವಿನಾಯಿತಿ, ಇವೆಲ್ಲ ಹಳೆಯ ಪದ್ಧತಿಯಲ್ಲಿ ಮಾತ್ರ ಸಿಗುತ್ತವೆ. ಆ ಲೆಕ್ಕವನ್ನೂ ಹಾಕಿಸಿದೆ: ಒಟ್ಟು ತೆರಿಗೆ 89,040 ಆಗುತ್ತದೆ. ಹಾಗಾಗಿ ಹೊಸದೇ ಸರಿ. ವ್ಯಾಪಾರದ ಆದಾಯ ಇಲ್ಲದ್ದರಿಂದ ಪದ್ಧತಿ ಆಯ್ಕೆಗೆ ಬೇರೆ ಫಾರಂ ಬೇಡ. 60 ದಾಟಿದವರಿಗೆ ವ್ಯಾಪಾರದ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆ ಕಟ್ಟುವ ಹೊಣೆಯೂ ಇಲ್ಲ, ಆದ್ದರಿಂದ ಅದರ ಬಡ್ಡಿಯೂ ಬೀಳುವುದಿಲ್ಲ.

ಕಾಗದಪತ್ರ: ಆಗಸ್ಟ್ 30ರ ಒಳಗೆ

ಗೌರಿ-ಗಣೇಶ ಹಬ್ಬಕ್ಕೆ 26, 27ರಂದು ಅವರ ಕಚೇರಿ ಮುಚ್ಚಿರುತ್ತದೆ. 30ರ ಶನಿವಾರದೊಳಗೆ ಎಲ್ಲವೂ ಇಮೇಲ್‌ನಲ್ಲಿ ತಲುಪಬೇಕು. ಪಿಂಚಣಿಯ ಫಾರಂ 16, ಎರಡೂ ಬ್ಯಾಂಕುಗಳ ಬಡ್ಡಿ ಪ್ರಮಾಣಪತ್ರ, ಫಂಡಿನ ಕ್ಯಾಪಿಟಲ್ ಗೇನ್ಸ್ ಹೇಳಿಕೆ, ಬಾಡಿಗೆ ಜಮೆಯಾದ ಖಾತೆಯ ಪೂರ್ತಿ ವರ್ಷದ ಸ್ಟೇಟ್‌ಮೆಂಟ್. 26ಎಎಸ್ ಮತ್ತು ಎಐಎಸ್ ಅನ್ನು ಅವರೇ ತೆಗೆದುಕೊಳ್ಳುತ್ತಾರೆ.

ಆಸ್ತಿ ತೆರಿಗೆ ರಸೀದಿಯಲ್ಲಿ ಒಂದು ತಪ್ಪಾಗಿದೆ. ಅಪ್ಪ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು 2025ರ ಏಪ್ರಿಲ್‌ನಲ್ಲಿ ಕಟ್ಟಿದ 8,400ರ ರಸೀದಿ. ಹಣ ಕಟ್ಟಿದ ವರ್ಷದಲ್ಲಿ ಮಾತ್ರ ಕಳೆಯಬಹುದು, ಹಾಗಾಗಿ ಬೇಕಾದದ್ದು 2024ರ ಏಪ್ರಿಲ್‌ನ 8,000ರದ್ದು. ಅದು ದೇವರ ಕೋಣೆಯ ಬೀರುವಿನಲ್ಲಿ, ನೀಲಿ ಫೈಲಿನಲ್ಲಿ ಇರಬೇಕು. 8,400ರದ್ದನ್ನು ಎಸೆಯಬೇಡಿ, ಮುಂದಿನ ಸಲ ಅದೇ ಬೇಕು.

ಚಲನ್ (ತಮ್ಮನಿಗೆ)

ಆಡಿಟರ್ ಸೆಪ್ಟೆಂಬರ್ 6ರಂದು ಕರಡು ಕಳಿಸುತ್ತಾರೆ. ಅದರಲ್ಲಿನ ಬಾಕಿ ಮೇಲಿನ ಮೊತ್ತಕ್ಕೆ ತಾಳೆಯಾದರೆ ಮಾತ್ರ 8ರಂದು ಕಟ್ಟು. ವ್ಯತ್ಯಾಸವಿದ್ದರೆ ಮೊದಲು ನನಗೆ ಫೋನ್ ಮಾಡು. incometax.gov.in ನಲ್ಲಿ `e-Pay Tax` ಒತ್ತಿ, ಅಪ್ಪನ ಪ್ಯಾನ್ ಹಾಕಿ, `Assessment Year` ಎಂದಲ್ಲಿ `2025-26`, ಬಗೆ `Self-Assessment Tax (300)`. ಹೋದ ವರ್ಷ ನೀನು `Advance Tax (100)` ಒತ್ತಿದ್ದು ನೆನಪಿರಲಿ, ಅದನ್ನು ಸರಿಪಡಿಸಲು ದೀಪಾವಳಿ ಕಳೆಯಿತು. ಚಲನ್ ಬಂದ ಕೂಡಲೇ ಪಿಡಿಎಫ್ ಅನ್ನು ಆಡಿಟರ್‌ಗೆ ಕಳಿಸು. ಅದರ ಸಂಖ್ಯೆಯಿಲ್ಲದೆ ಅವರು ರಿಟರ್ನ್ಸ್ ಮುಗಿಸಲಾರರು.

ಸಲ್ಲಿಕೆ

ಫಾರಂ ಐಟಿಆರ್-2. ಫಂಡ್ ಲಾಭ 1,25,000 ದಾಟಿದ್ದರಿಂದ ಎಂದಿನ ಐಟಿಆರ್-1 ಆಗುವುದಿಲ್ಲ. ಸೆಪ್ಟೆಂಬರ್ 10ರಂದು ಸಲ್ಲಿಸುತ್ತಾರೆ. 15ನ್ನು ಮೀರಿದರೆ 5,000 ದಂಡ, ಬಾಕಿ ಉಳಿದಿದ್ದರೆ ಅದರ ಮೇಲೆ ತಿಂಗಳಿಗೆ ಶೇಕಡಾ 1 ಬಡ್ಡಿ. ಆಡಿಟರ್ ಶುಲ್ಕ 2,500, ಜಿಎಸ್‌ಟಿ 450, ಒಟ್ಟು 2,950. ಇದನ್ನು ನಾನು ಕೊಡುತ್ತೇನೆ.

ಮಾತು ಮುಗಿಯುವಾಗ ಅವರು ಹೇಳಿದ್ದು ಈ ಸಾಲಿನದಲ್ಲ, 2025-26ರದ್ದು. ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಪಿಂಚಣಿ, ಬಾಡಿಗೆ, ಬಡ್ಡಿ ಇಷ್ಟೇ ಇದ್ದರೆ ಅಪ್ಪನಿಗೆ ತೆರಿಗೆ ಸೊನ್ನೆ. ಹಾಗಾಗಿ ಪಿಂಚಣಿ ಬ್ಯಾಂಕಿಗೆ ಫಾರಂ 15ಎಚ್ ಕೊಟ್ಟರೆ ಇನ್ನು ಮುಂದೆ ಟಿಡಿಎಸ್ ಹಿಡಿಯುವುದಿಲ್ಲ, ಈಗಾಗಲೇ ಹಿಡಿದದ್ದು ಮುಂದಿನ ರಿಟರ್ನ್ಸ್‌ನಲ್ಲಿ ವಾಪಸ್ ಬರುತ್ತದೆ. ಫಂಡ್ ಮಾರಿ 1,25,000 ಮೀರಿದ ಲಾಭ ಮಾಡಿದರೆ ಈ ಮಾತು ನಿಲ್ಲುವುದಿಲ್ಲ, ಆದ್ದರಿಂದ ಮಾರುವ ಮೊದಲು ಕೇಳಿ. ಹಬ್ಬ ಮುಗಿದ ಮೇಲೆ ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ.

ಸಲ್ಲಿಸಿದ 30 ದಿನದೊಳಗೆ ಆಧಾರ್ ಓಟಿಪಿಯಿಂದ ದೃಢೀಕರಿಸಬೇಕು, 10ರಂದು ಸಲ್ಲಿಸಿದರೆ ಅಕ್ಟೋಬರ್ 10ರವರೆಗೆ. ನಾವು ಅದೇ ದಿನ ಮುಗಿಸೋಣ. ಆ ಓಟಿಪಿ ಬರುವ ಸಿಮ್ ಅಮ್ಮನ ಹಳೆಯ ಬಟನ್ ಫೋನಿನಲ್ಲಿದೆ. ಅಪ್ಪ, 9ರ ರಾತ್ರಿ ಅದನ್ನು ಚಾರ್ಜಿಗೆ ಹಾಕಿಡಿ.