ಮನೆಯಲ್ಲಿ ಪದೇ ಪದೇ ಕಾಲ್ ಕಟ್ ಆಗುತ್ತಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದವರಿಗೆ ನಮಸ್ಕಾರ.

ಮೂಡಿಗೆರೆ ಪೇಟೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ನಮ್ಮ ತೋಟದ ಮನೆ. ಮೂರು ವಾರದಿಂದ ಮನೆಯೊಳಗೆ ಕಾಲ್ ಎರಡು ನಿಮಿಷವೂ ನಿಲ್ಲುತ್ತಿಲ್ಲ. ನಿನ್ನೆ ಆಸ್ಪತ್ರೆಯಲ್ಲಿರುವ ಅತ್ತೆಯ ಜೊತೆ ಮಾತಾಡುವಾಗ ಐದು ಸಲ ಕಟ್ಟಾಯಿತು. ಕೊನೆಗೆ ಕಾಫಿ ಕಣಕ್ಕೆ ಹೋಗಿ, ಮಳೆಯಲ್ಲಿ ಕೊಡೆ ಹಿಡಿದು ಮಾತಾಡಿದೆ.

ಬೇರೆ ಫೋನ್, ಹೊಸ ಸಿಮ್ ಎರಡೂ ಹಾಕಿ ನೋಡಿದೆ. ಅದೇ ಕಥೆ. ಪೇಟೆಯಲ್ಲಿ ಸರಿಯಿರುತ್ತದೆ. ಕರೆಂಟ್ ಹೋದರಂತೂ ಇಲ್ಲಿ ಸಿಗ್ನಲ್ಲೇ ಮಾಯ. ತೊಂದರೆ ಟವರಿನದೇ ಅಲ್ವಾ?

ಎರಡು ಸಲ ದೂರು ಕೊಟ್ಟೆ. ಫೋನ್ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ ಸುಮ್ನೆ ಮುಚ್ಚಿಬಿಟ್ಟಿರಿ.

ದಯವಿಟ್ಟು ಎಂಜಿನಿಯರ್ ಕಳಿಸಿ ಟವರಿನ ಬ್ಯಾಟರಿ, ಆಂಟೆನಾ ನೋಡಿಸಿ. ಡಾಕೆಟ್ ನಂಬರ್ ಕೊಡಿ. ವಾರದೊಳಗೆ ಸರಿಯಾಗದಿದ್ದರೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ.

ಇಂತಿ,
ಈ ಇಮೇಲ್‌ಗೆ ಜೋಡಿಸಿರುವ ನಂಬರಿನ ಗ್ರಾಹಕಿ