ಸ್ಟೀಲ್ ಸಾಕಾಗದ ದೇಶಗಳು ಕಟ್ಟಿಕೊಂಡ ಮುಖ

1947ರಲ್ಲಿ ಪಂಜಾಬ್ ಎರಡು ಹೋಳಾಯಿತು. ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಈ ಕಡೆಯ ಪಂಜಾಬಿಗೆ ರಾಜಧಾನಿಯೇ ಇರಲಿಲ್ಲ. ಊರು ಬಿಟ್ಟು ಬಂದ ಲಕ್ಷಾಂತರ ಜನರಿಗೆ ನೆಲೆ ಬೇಕಿತ್ತು, ಸರ್ಕಾರಕ್ಕೆ ಕಚೇರಿ ಬೇಕಿತ್ತು. ಹೊಸ ಊರು ಹಳೆಯದರ ಹಂಗಿಲ್ಲದೆ ಮುಂದೆ ನೋಡಬೇಕು ಎಂಬುದು ನೆಹರೂ ಅವರ ಆಸೆ. ಮೊದಲು ಯೋಜನೆ ಹಾಕಿದ್ದು ಅಮೆರಿಕದ ಆಲ್ಬರ್ಟ್ ಮೇಯರ್. ಜೊತೆಗಿದ್ದ ಮ್ಯಾಥ್ಯೂ ನೊವಿಕಿ 1950ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಆಮೇಲೆ ಬಂದವರು ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬುಸಿಯೆ. ಚಂಡೀಗಢ ಹುಟ್ಟಿದ್ದು ಹೀಗೆ.

ಮುಂದಿನ ಎರಡು ದಶಕಗಳಲ್ಲಿ ಏಷ್ಯಾ, ಆಫ್ರಿಕಾದ ಎಷ್ಟೋ ದೇಶಗಳು ಇದೇ ದಾರಿ ಹಿಡಿದವು. ಸ್ವಾತಂತ್ರ್ಯ ಬಂತು, ಧ್ವಜ ಏರಿತು. ಸಂಸತ್ತು, ಕ್ರೀಡಾಂಗಣ, ವಿಶ್ವವಿದ್ಯಾಲಯ ಎಲ್ಲ ಒಟ್ಟಿಗೇ ಬೇಕಾದವು. ಆಳಿ ಹೋದವರ ಕಮಾನು, ಕಂಬಗಳು ಬೇಡ. ಹಾಗಂತ ರಾಜರ ಕಾಲದ ಗೋಪುರವನ್ನೇ ಮತ್ತೆ ಕಟ್ಟಿದರೆ ಹೊಸ ದೇಶ ಅನ್ನಿಸುವುದು ಹೇಗೆ? ಈ ಇಕ್ಕಟ್ಟಿನಲ್ಲಿ ಕೈಗೆ ಸಿಕ್ಕಿದ್ದು ಕಾಂಕ್ರೀಟ್.

ಈ ಕಟ್ಟಡಗಳ ಮೇಲಿನ ಹಳೆಯ ದೂರು ನಿಮಗೂ ಗೊತ್ತಿರುತ್ತದೆ: ಇವು ಎಲ್ಲಿಂದಲೋ ತಂದು ಇಟ್ಟವು, ನಮ್ಮವಲ್ಲ. ಈ ದೂರನ್ನು ನಾನು ಒಪ್ಪುವುದಿಲ್ಲ. ದೇಶದ ಗುರುತನ್ನು ಜನ ಸಾಮಾನ್ಯವಾಗಿ ಹುಡುಕುವುದು ಗೋಡೆಯ ಕೆತ್ತನೆಯಲ್ಲಿ, ಗುಮ್ಮಟದ ಆಕಾರದಲ್ಲಿ. ಈ ಕಟ್ಟಡಗಳಲ್ಲಿ ಅದು ಇರುವುದು ಬೇರೆ ಕಡೆ. ಏನು ಸಿಗುತ್ತಿತ್ತು, ಏನು ಸಿಗುತ್ತಿರಲಿಲ್ಲ, ಯಾರ ಕೈ ಕೆಲಸ ಮಾಡಿತು, ಬಿಸಿಲು ಮಳೆ ಎಂಥದ್ದು? ಅಲ್ಲಿ ಹುಡುಕಬೇಕು.

ಚಂಡೀಗಢದ ಹೈಕೋರ್ಟನ್ನೇ ನೋಡಿ. ಆಗ ಸ್ಟೀಲ್ ದುಬಾರಿ, ಸಿಗುವುದೂ ಕಷ್ಟ. ಸಿಮೆಂಟ್ ಹೇಗೋ ಹೊಂದಿಸಬಹುದಿತ್ತು. ಕೆಲಸಕ್ಕೆ ಕೈಗಳಂತೂ ಬೇಕಾದಷ್ಟಿದ್ದವು. ಮರದ ಕಂಬಗಳ ಸಾರುವೆ ಕಟ್ಟಿ, ಹೆಂಗಸರು ತಲೆ ಮೇಲೆ ಬಾಂಡ್ಲಿಯಲ್ಲಿ ಕಾಂಕ್ರೀಟ್ ಹೊತ್ತು ಮೇಲೆ ಹತ್ತುವ ಫೋಟೋಗಳು ಇವತ್ತಿಗೂ ಇವೆ. ಸೆಂಟ್ರಿಂಗ್ ಹಲಗೆಗಳ ಗೆರೆ ಗೋಡೆಯ ಮೇಲೆ ಹಾಗೇ ಉಳಿದಿದೆ. ಅದನ್ನು ಸಾರಿಸಿ ಮುಚ್ಚಿಲ್ಲ. ಯುರೋಪಿನಲ್ಲಿ ಅದೇ ನಕ್ಷೆ ಕಟ್ಟಿದ್ದರೆ ಗೋಡೆ ಹೀಗೆ ಬರುತ್ತಿರಲಿಲ್ಲ. ಇನ್ನು ಜನರ ಮನೆಗಳಿಗೆ ಕಾಂಕ್ರೀಟ್ ಜಾಸ್ತಿ ಬಳಸಲೇ ಇಲ್ಲ. ಇಟ್ಟಿಗೆ ಅಗ್ಗ, ಆದ್ದರಿಂದ ಇಟ್ಟಿಗೆ. ಆ ಮನೆಗಳ ಹಿಂದೆ ಪಿಯರ್ ಜಾನೆರೆ, ಜೇನ್ ಡ್ರೂ, ಮ್ಯಾಕ್ಸ್‌ವೆಲ್ ಫ್ರೈ ಇದ್ದರು. ಊರ್ಮಿಳಾ ಯೂಲಿ ಚೌಧರಿ, ಆದಿತ್ಯ ಪ್ರಕಾಶ್, ಎಂ. ಎನ್. ಶರ್ಮಾ ಅವರಂಥ ಭಾರತೀಯರೂ ಇದ್ದರು. ಲ ಕಾರ್ಬುಸಿಯೆ ಒಬ್ಬರದೇ ಹೆಸರು ಹೇಳುವುದು ಇವರಿಗೆಲ್ಲ ಮಾಡುವ ಅನ್ಯಾಯ.

ಅದಕ್ಕಿಂತ ದೊಡ್ಡ ಅನ್ಯಾಯವೂ ಅಲ್ಲಿ ನಡೆಯಿತು. ಊರು ಕಟ್ಟಿದ ಕೂಲಿಯವರಿಗೆ ಆ ಊರಿನ ನಕ್ಷೆಯಲ್ಲಿ ಸರಿಯಾದ ಜಾಗ ಇರಲಿಲ್ಲ. ಅವರು ತಾತ್ಕಾಲಿಕ ಶೆಡ್ಡುಗಳ ಕಾಲೊನಿಗಳಲ್ಲಿ ಉಳಿದರು. ಅವರ ಕೈಗುರುತು ಗೋಡೆಯಲ್ಲಿದೆ ಎಂದು ಹೊಗಳುವಾಗ ಇದನ್ನೂ ಹೇಳಲೇಬೇಕು.

ಜಕಾರ್ತಾದ ಇಸ್ತಿಕ್ಲಾಲ್ ಮಸೀದಿಯ ಹೆಸರಿನ ಅರ್ಥವೇ ಸ್ವಾತಂತ್ರ್ಯ. 1955ರ ಸ್ಪರ್ಧೆಯಲ್ಲಿ ಗೆದ್ದ ಫ್ರೆಡರಿಕ್ ಸಿಲಾಬಾನ್ ಕ್ರೈಸ್ತರು. ಮಸೀದಿ ಮುಗಿದದ್ದು 1978ರಲ್ಲಿ. ಗುಮ್ಮಟದ ಅಗಲ 45 ಮೀಟರ್, 1945ರಲ್ಲಿ ಸ್ವಾತಂತ್ರ್ಯ ಘೋಷಿಸಿದ ನೆನಪಿಗೆ. ಒಳಗೆ ನಮಾಜಿಗೆ ಕೂತವರು ಗುಮ್ಮಟ ಅಳೆಯುವುದಿಲ್ಲ, ಅಲ್ವಾ? ಅವರಿಗೆ ಗೊತ್ತಾಗುವುದು ತೆರೆದ ಬದಿಗಳಿಂದ ಬರುವ ಗಾಳಿ. ಆ ಸೆಖೆಯ ಊರಿಗೆ ತಕ್ಕ ಹಾಗೆ ಕಟ್ಟಿದ್ದಾರೆ. ನನ್ನ ಮಟ್ಟಿಗೆ ಅದನ್ನು ಇಂಡೊನೇಷ್ಯಾದ್ದನ್ನಾಗಿ ಮಾಡಿದ್ದು ಆ ಗಾಳಿ, 45ರ ಲೆಕ್ಕ ಅಲ್ಲ.

ಈ ಮಾತಿಗೆ ನನಗೆ ತುಂಬ ಇಷ್ಟದ ಉದಾಹರಣೆ ನಾಮ್ ಪೆನ್‌ನಲ್ಲಿದೆ. ಕಾಂಬೋಡಿಯಾ ಫ್ರೆಂಚರಿಂದ ಬಿಡುಗಡೆ ಆದದ್ದು 1953ರಲ್ಲಿ. ವಾನ್ ಮೊಲಿವಾನ್ ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪ ಓದಿ 1956ರಲ್ಲಿ ವಾಪಸ್ ಬಂದರು. ಅವರು ಕಟ್ಟಿದ ರಾಷ್ಟ್ರೀಯ ಕ್ರೀಡಾಂಗಣ 1964ರಲ್ಲಿ ತಯಾರಾಯಿತು. ನೆಲ ತಗ್ಗು, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಸುತ್ತ ಕಂದಕ ಅಗೆಸಿದರು. ಅಗೆದ ಮಣ್ಣನ್ನು ದಿಬ್ಬವಾಗಿ ಪೇರಿಸಿ, ಅದರ ಮೇಲೇ ಪ್ರೇಕ್ಷಕರ ಮೆಟ್ಟಿಲು ಕೂರಿಸಿದರು. ಮಣ್ಣೇ ಭಾರ ಹೊರುವುದರಿಂದ ಅಷ್ಟು ಕಾಂಕ್ರೀಟು, ಅಷ್ಟು ಕಂಬಿ ಉಳಿಯಿತು. ಮಳೆನೀರು ಕಂದಕಕ್ಕೆ ಇಳಿಯುತ್ತಿತ್ತು. ಅಂಕೋರ್ ಕಟ್ಟಿದವರೂ ನೀರನ್ನು ಹೀಗೇ ಕಂದಕ, ಕೊಳಗಳಲ್ಲಿ ಹಿಡಿದಿದ್ದರು. ಅಂಕೋರಿನ ಗೋಪುರವನ್ನು ಮೊಲಿವಾನ್ ನಕಲು ಮಾಡಲಿಲ್ಲ, ಅಂಕೋರಿನ ಬುದ್ಧಿಯನ್ನು ತಂದರು. ಆಮೇಲೆ ಜಾಗಕ್ಕೆ ಬೆಲೆ ಬಂದು, ಸುತ್ತ ಕಟ್ಟಡಗಳು ಎದ್ದು, ಕಂದಕಗಳನ್ನು ಮುಚ್ಚಿದರು. ಕಾಂಕ್ರೀಟ್ ಉಳಿದಿದೆ, ಆದರೆ ಆ ವಿಚಾರದ ಅರ್ಧವೇ ಹೋಯಿತು.

ಹೊರಗಿನವರು ಬಂದರು ಎಂಬ ಮಾತಿಗೂ ಒಂದು ಉತ್ತರ ಇದೆ. ಘಾನಾದ ಅಕ್ರಾದಲ್ಲಿ ವ್ಯಾಪಾರ ಮೇಳದ ಮೈದಾನ ಕಟ್ಟಿದಾಗ ಪೋಲೆಂಡಿನ ಇಬ್ಬರು ವಾಸ್ತುಶಿಲ್ಪಿಗಳು ಕೆಲಸ ಮಾಡಿದ್ದು ಘಾನಾದ ವಿಕ್ ಅಡೆಗ್‌ಬಿಟೆ ಅವರ ಕೈಕೆಳಗೆ. ಯಾರು ಯಾರಿಗೆ ಹೇಳುತ್ತಿದ್ದರು ಎಂಬುದು ಆ ಹೊತ್ತಿಗೆ ಬದಲಾಗಿತ್ತು.

ಢಾಕಾದ ಸಂಸತ್ ಭವನದ ಕಥೆ ಇನ್ನೂ ಸಿಕ್ಕು ಸಿಕ್ಕಾಗಿದೆ. 1962ರಲ್ಲಿ ಅದನ್ನು ಕಟ್ಟಿಸಲು ಹೊರಟಿದ್ದು ಪಾಕಿಸ್ತಾನದ ಸರ್ಕಾರ, ಪೂರ್ವ ಪಾಕಿಸ್ತಾನದ ಜನರ ಸಿಟ್ಟು ತಣಿಸುವುದಕ್ಕೆ. ಕೆಲಸ ಬಂದಿದ್ದು ಬಂಗಾಳದ ವಾಸ್ತುಶಿಲ್ಪಿ ಮುಝಾರುಲ್ ಇಸ್ಲಾಂ ಅವರಿಗೆ. ಅವರು ಅದನ್ನು ಬಿಟ್ಟುಕೊಟ್ಟು ಅಮೆರಿಕದ ಲೂಯಿ ಕಾನ್ ಬರುವಂತೆ ಮಾಡಿದರು. ಅಷ್ಟು ದೊಡ್ಡ ಕೆಲಸವನ್ನು ಕೈಯಾರೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಅಲ್ಲಿನ ಕೆಲಸಗಾರರು ದಿನಕ್ಕೆ ಐದು ಅಡಿ ಎತ್ತರ ಮಾತ್ರ ಕಾಂಕ್ರೀಟ್ ಹಾಕಬಲ್ಲವರಾಗಿದ್ದರು. ಪ್ರತಿ ದಿನದ ಕೆಲಸ ನಿಂತ ಕಡೆ ಒಂದು ಜಾಯಿಂಟ್ ಕಾಣುತ್ತಿತ್ತು. ಕಾನ್ ಆ ಜಾಯಿಂಟಿನ ಉದ್ದಕ್ಕೂ ಬಿಳಿ ಅಮೃತಶಿಲೆಯ ಪಟ್ಟಿ ಕೂರಿಸಿದರು. ಬೂದು ಗೋಡೆಯ ಮೇಲೆ ಅಡ್ಡಕ್ಕೆ ಕಾಣುವ ಒಂದೊಂದು ಬಿಳಿ ಗೆರೆಯೂ ಒಂದೊಂದು ದಿನದ ದುಡಿಮೆಯ ಲೆಕ್ಕ. 1971ರ ಯುದ್ಧದಲ್ಲಿ ಕೆಲಸ ನಿಂತಿತು. ದೇಶ ಹೊಸದಾಗಿ ಹುಟ್ಟಿತು. 1974ರಲ್ಲಿ ಕಾನ್ ತೀರಿಕೊಂಡರು. 1982ರಲ್ಲಿ ಭವನ ತೆರೆಯಿತು. ಬೇರೊಂದು ದೇಶ ಶುರು ಮಾಡಿದ ಕಟ್ಟಡವನ್ನು ಬಾಂಗ್ಲಾದೇಶದ ಜನ ತಮ್ಮದು ಮಾಡಿಕೊಂಡು ನೋಟಿನ ಮೇಲೂ ಅಚ್ಚು ಹಾಕಿದರು.

ದೆಹಲಿಯಲ್ಲಿ ನಾವು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ 1972ರಲ್ಲಿ ಪ್ರಗತಿ ಮೈದಾನದಲ್ಲಿ ಹಾಲ್ ಆಫ್ ನೇಷನ್ಸ್ ಎದ್ದಿತು. ವಾಸ್ತುಶಿಲ್ಪಿ ರಾಜ್ ರೇವಲ್, ಎಂಜಿನಿಯರ್ ಮಹೇಂದ್ರ ರಾಜ್. ನಡುವೆ ಒಂದೂ ಕಂಬ ಇಲ್ಲದ 78 ಮೀಟರ್ ಅಗಲದ ಹಾಲ್. ಇಂಥ ತ್ರಿಕೋನಗಳ ಜಾಲರಿಯನ್ನು ಬೇರೆ ಕಡೆ ಸ್ಟೀಲ್ ಪೈಪುಗಳಲ್ಲಿ ಕಟ್ಟುತ್ತಾರೆ. ಇಲ್ಲಿ ಅಷ್ಟು ಸ್ಟೀಲ್ ಸಿಗುವ ಹಾಗಿರಲಿಲ್ಲ. ಆದ್ದರಿಂದ ಒಂದೊಂದು ತುಂಡನ್ನೂ, ಓರೆಯಾದ ತೋಳುಗಳು ಬಂದು ಸೇರುವ ಒಂದೊಂದು ಗಂಟನ್ನೂ ಅಲ್ಲೇ ಸೆಂಟ್ರಿಂಗ್ ಕಟ್ಟಿ, ಕಂಬಿ ಬಾಗಿಸಿ, ಕಾಂಕ್ರೀಟಿನಲ್ಲಿ ಹೊಯ್ದರು. ಆ ಜಾಲರಿಯೇ ಬಿಸಿಲಿಗೆ ಮರೆಯೂ ಆಯಿತು, ಹಳೆಯ ಕಟ್ಟಡಗಳ ಜಾಲಿ ಕಿಟಕಿ ಇದ್ದ ಹಾಗೆ. ಬಡತನ, ಜಾಣತನ, ಕೈಕೆಲಸ, ಬಿಸಿಲು ಎಲ್ಲ ಸೇರಿ ಒಂದು ದೇಶದ ಗುರುತಾಗುವುದು ಎಂದರೆ ಇದೇ. ಇದಕ್ಕಿಂತ ಭಾರತೀಯವಾದ ಕಾಂಕ್ರೀಟ್ ಕಟ್ಟಡ ನನಗೆ ಗೊತ್ತಿಲ್ಲ.

2017ರ ಏಪ್ರಿಲ್‌ನಲ್ಲಿ ಅದನ್ನು ಕೆಡವಿದರು. ದೇಶ ವಿದೇಶಗಳ ವಾಸ್ತುಶಿಲ್ಪಿಗಳು ಬೇಡಿಕೊಂಡರೂ ಉಳಿಯಲಿಲ್ಲ. ಅರವತ್ತು ವರ್ಷ ತುಂಬದ ಕಟ್ಟಡವನ್ನು ಪಾರಂಪರಿಕ ಎಂದು ಪರಿಗಣಿಸುವಂತಿಲ್ಲ ಎಂದು ದೆಹಲಿಯ ಪಾರಂಪರಿಕ ಸಂರಕ್ಷಣಾ ಸಮಿತಿ ಅದೇ ವರ್ಷ ಹೇಳಿತ್ತು. ಈ ಲೆಕ್ಕ ನನಗೆ ಇವತ್ತಿಗೂ ನುಂಗಲಾಗುತ್ತಿಲ್ಲ. ಸ್ವಾತಂತ್ರ್ಯ ಬಂದು ಆಗ ಇನ್ನೂ 70 ವರ್ಷ. ಅಂದರೆ ಸ್ವತಂತ್ರ ದೇಶ ಕಟ್ಟಿಕೊಂಡದ್ದರಲ್ಲಿ ಮೊದಲ ಹತ್ತು ವರ್ಷದ್ದು ಬಿಟ್ಟು ಉಳಿದ ಯಾವುದಕ್ಕೂ ರಕ್ಷಣೆ ಇರಲಿಲ್ಲ. ಕಾಂಕ್ರೀಟ್ ಕಲ್ಲಿನ ಹಾಗೆ ಸುಮ್ನೆ ನಿಲ್ಲುವುದೂ ಇಲ್ಲ. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಪದರ ಸಿಡಿದು ಉದುರುತ್ತದೆ, ಬೇಗ ರಿಪೇರಿ ಮಾಡಬೇಕು. ಅರವತ್ತು ತುಂಬಲಿ ಎಂದು ಕಾಯುವಷ್ಟು ಪುರುಸೊತ್ತು ಅದಕ್ಕಿಲ್ಲ. ವಯಸ್ಸು ನೋಡುವ ಬದಲು ಕಟ್ಟಡವನ್ನೇ ನೋಡಿ ತೀರ್ಮಾನ ಮಾಡುವ ನಿಯಮ ಬರಬೇಕು. ಅದೂ ಈಗಲೇ ಬರಬೇಕು. ಅರವತ್ತರ, ಎಪ್ಪತ್ತರ ದಶಕದ ಎಷ್ಟೋ ಕಟ್ಟಡಗಳು ಇನ್ನೂ ನಿಂತಿವೆ.